ಹುಡುಕಿದಾಗ ಯಾರೂ ಸಿಗಲಿಲ್ಲ. ಹೆಸರು ನಮ್ಮದೇ ಎನ್ನಬಹುದೇ?

ಗಂಟೆಲೆಕ್ಕ

ನಾವಿಬ್ಬರು ಸೇರಿ ಒಂದು ಆ್ಯಪ್ ಮಾಡಿದ್ದೇವೆ. ಸ್ವತಂತ್ರವಾಗಿ ಕೆಲಸ ಮಾಡುವವರು ಯಾವ ಗ್ರಾಹಕರಿಗೆ ಎಷ್ಟು ಗಂಟೆ ದುಡಿದೆವು ಎಂದು ಬರೆದಿಟ್ಟುಕೊಂಡು ತಿಂಗಳ ಕೊನೆಗೆ ಬಿಲ್ ತೆಗೆಯುವುದಕ್ಕೆ ಇದು ಅನುಕೂಲ. ಬಿಡುಗಡೆಗೆ ಇನ್ನು ಆರು ವಾರ ಇದೆ. ನಿಜವಾದ ಹೆಸರನ್ನು ಇಲ್ಲಿ ಬರೆಯಲು ಅಂಜಿಕೆ, ಆದ್ದರಿಂದ ಅದೇ ಧಾಟಿಯ ಒಂದು ಹೆಸರನ್ನು ಕಟ್ಟಿ ಹೇಳುತ್ತೇನೆ: Tikora ಎಂದಿಟ್ಟುಕೊಳ್ಳಿ. ಯಾವ ಭಾಷೆಯಲ್ಲೂ ಇದಕ್ಕೆ ಅರ್ಥವಿಲ್ಲ ಎಂದು ನಮ್ಮ ಎಣಿಕೆ.

ಇಲ್ಲಿಯವರೆಗೆ ಮಾಡಿರುವುದು ಇಷ್ಟು. ಡೊಮೇನ್ ಸಿಕ್ಕಿತು, ಕೊಂಡೆವು. ಎರಡೂ ಆ್ಯಪ್ ಅಂಗಡಿಗಳಲ್ಲಿ ಆ ಹೆಸರಿನದು ಇಲ್ಲ. ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಹೆಸರನ್ನು ಹಾಕಿ ನೋಡಿದೆವು, ಉತ್ತರ ಸೊನ್ನೆ. ಜೊತೆಗಾರರು “ಮುಗಿಯಿತಲ್ಲ, ಲೋಗೊ ಬರೆಸೋಣ” ಎನ್ನುತ್ತಿದ್ದಾರೆ. ಇಷ್ಟು ಸುಲಭವಾಗಿ ಮುಗಿದದ್ದೇ ನನಗೆ ಅನುಮಾನ. ಏನಾದರೂ ಬಿಟ್ಟಿದ್ದೇವೆಯೇ?

ಹಳೇಕೋಡು

ಏನೂ ಬಿಟ್ಟಿಲ್ಲ. ಟ್ರೇಡ್‌ಮಾರ್ಕ್ ಇರುವುದು ವರ್ಗದ ಪ್ರಕಾರ. ಒಟ್ಟು 45 ವರ್ಗಗಳಿವೆ, ಸಾಫ್ಟ್‌ವೇರ್ ಬರುವುದು ಒಂಬತ್ತರಲ್ಲಿ. ಒಂಬತ್ತರಲ್ಲಿ ಆ ಹೆಸರು ಇಲ್ಲ ಎಂದಮೇಲೆ ಅದು ನಿಮ್ಮದೇ. ಬೇರೆ ವರ್ಗದಲ್ಲಿ ಯಾರಿದ್ದರೂ ನಿಮಗೆ ಸಂಬಂಧವಿಲ್ಲ. ಒಂದು ಕೆಲಸ ಮಾತ್ರ ಬೇಗ ಮಾಡಿ, ಅದೇ ಹೆಸರಿನಲ್ಲಿ ಕಂಪನಿಯನ್ನು ನೋಂದಾಯಿಸಿಬಿಡಿ. ಸರ್ಕಾರವೇ ಒಪ್ಪಿ ಕೊಟ್ಟ ಹೆಸರನ್ನು ಯಾರೂ ಪ್ರಶ್ನಿಸಲಾರರು.

ಹುಡುಕುಗಣ್ಣು

ನಾನು ವಕೀಲೆಯಲ್ಲ. ವಕೀಲರ ಕಚೇರಿಯೊಂದರಲ್ಲಿ ಹೆಸರು ಹುಡುಕುವ ಕೆಲಸವನ್ನೇ ಬಹಳ ವರ್ಷ ಮಾಡಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಗಂಟೆಲೆಕ್ಕ ಅವರೇ, ನಿಮಗೆ ಬಂದ ಸೊನ್ನೆಯ ಅರ್ಥ ಒಂದೇ: ಅದೇ ಆರು ಅಕ್ಷರಗಳನ್ನು ಅದೇ ಸಾಲಿನಲ್ಲಿ ಬರೆದು ಅಲ್ಲಿ ಯಾರೂ ಅರ್ಜಿ ಹಾಕಿಲ್ಲ. ಆದರೆ ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಕರಾಗಲಿ ನ್ಯಾಯಾಲಯವಾಗಲಿ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುವುದಿಲ್ಲ. ಮೊದಲ ಹೆಸರನ್ನು ಎಂದೋ ಕೇಳಿ ಅರ್ಧಂಬರ್ಧ ನೆನಪಿಟ್ಟುಕೊಂಡ ಸಾಮಾನ್ಯ ಗ್ರಾಹಕನೊಬ್ಬ ಎರಡನೆಯದನ್ನು ಕಂಡಾಗ “ಇದು ಅವರದ್ದೇ ಇರಬೇಕು” ಎಂದುಕೊಳ್ಳುತ್ತಾನೆಯೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಹೆಸರು ಕೇಳುವುದಕ್ಕೆ ಹೇಗಿದೆ, ನೋಡುವುದಕ್ಕೆ ಹೇಗಿದೆ, ಅರ್ಥದಲ್ಲಿ ಎಷ್ಟು ಹತ್ತಿರ ಎಂದು ನೋಡುತ್ತಾರೆ. ಜೊತೆಗೆ ಎರಡರ ಸರಕೂ ಒಂದೇ ಜಾತಿಯದೇ ಎಂದು ನೋಡುತ್ತಾರೆ. ಸರಕು ತೀರ ಹತ್ತಿರದ್ದಾದರೆ ಹೆಸರಿನಲ್ಲಿ ಅರೆಪಾಲು ಹೋಲಿಕೆಯಿದ್ದರೂ ತಕರಾರು ನಿಲ್ಲುತ್ತದೆ. ಸರಕು ದೂರದ್ದಾದರೆ ಹೆಸರು ಒಂದೇ ಇದ್ದರೂ ಇಬ್ಬರೂ ಬದುಕಬಹುದು.

ಹಳೇಕೋಡು ಅವರ ಮಾತಿನಲ್ಲಿ ಅರ್ಧ ಸರಿ. 45 ವರ್ಗ ಇರುವುದು ನಿಜ. 1957ರ ನೀಸ್ ಒಪ್ಪಂದದಿಂದ ಬಂದ ಪಟ್ಟಿ ಅದು. ಆದರೆ ಅದು ಕಡತ ಜೋಡಿಸುವ ಅನುಕೂಲಕ್ಕೆ ಮಾಡಿದ ಕಪಾಟೇ ಹೊರತು ಬೇಲಿಯಲ್ಲ. ಒಂಬತ್ತನೆಯ ವರ್ಗವನ್ನೇ ತೆಗೆದುಕೊಳ್ಳಿ. ಸಾಫ್ಟ್‌ವೇರ್ ಅಲ್ಲಿದೆ, ಬೆಂಕಿ ಆರಿಸುವ ಸಾಧನ ಅಲ್ಲಿದೆ, 2025ರ ಕೊನೆಯವರೆಗೆ ಕನ್ನಡಕವೂ ಅಲ್ಲೇ ಇತ್ತು. ಒಂದೇ ಕಪಾಟಿನಲ್ಲಿದ್ದ ಮಾತ್ರಕ್ಕೆ ಇವು ನೆಂಟರಾಗುವುದಿಲ್ಲ. ಇನ್ನೊಂದು ಕಡೆ, ನಿಮ್ಮ ಆ್ಯಪನ್ನು ಫೋನಿಗೆ ಇಳಿಸಿಕೊಂಡರೆ ಒಂಬತ್ತು, ಅದನ್ನೇ ಬ್ರೌಸರಿನಲ್ಲಿ ಬಳಸಲು ಕೊಟ್ಟರೆ ನಲವತ್ತೆರಡು. ವರ್ಗ ಬೇರೆ, ಸರಕು ಒಂದೇ. ಒಂಬತ್ತನ್ನು ಮಾತ್ರ ನೋಡಿದವರು ನಲವತ್ತೆರಡರಲ್ಲಿ ಕುಳಿತವರನ್ನು ಕಾಣುವುದೇ ಇಲ್ಲ.

ಕಂಪನಿ ನೋಂದಣಿಯ ಮಾತು ಮಾತ್ರ ಪೂರ್ತಿ ತಪ್ಪು. ಆ ಕಚೇರಿ ನೋಡುವುದು ಮುಖ್ಯವಾಗಿ ತನ್ನ ಪಟ್ಟಿಯಲ್ಲಿ ಅಂಥದೇ ಇನ್ನೊಂದು ಕಂಪನಿ ಇದೆಯೇ ಎಂಬುದನ್ನು. ಅಲ್ಲಿ ಸಿಕ್ಕ ಪ್ರಮಾಣಪತ್ರವನ್ನು ಟ್ರೇಡ್‌ಮಾರ್ಕ್ ಒಡೆಯನ ಮುಂದೆ ಹಿಡಿದರೆ ಅದು ತಡೆಗೋಡೆಯಾಗುವುದಿಲ್ಲ. ಡೊಮೇನಂತೂ ಮೊದಲು ಹಣ ಕೊಟ್ಟವರ ಪಾಲು.

ಪೆಟ್ಟಿಗೆಯಾಟ

ಕಂಪನಿ ನೋಂದಣಿಯನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ಮಣೆಯ ಮೇಲೆ ಆಡುವ ಆಟವೊಂದನ್ನು ಮಾಡಿದ್ದೆ. ಪೆಟ್ಟಿಗೆ, ನಿಯಮಪುಸ್ತಕ, ಕಾಯಿ ಎಲ್ಲದರ ಮೇಲೂ ಹೆಸರು ಅಚ್ಚಾಗಿ ಬಂದಮೇಲೆ ಒಂದು ವಕೀಲರ ಪತ್ರ ಬಂತು. ಅವರದು ಮಕ್ಕಳ ಆಟಿಕೆ. ಅವರ ಹೆಸರಿನಲ್ಲಿ ಒಂದು “ಎಸ್” ಹೆಚ್ಚು, ಅಷ್ಟೇ ವ್ಯತ್ಯಾಸ. ಆಟಿಕೆಯೂ ಆಟವೂ ಇಪ್ಪತ್ತೆಂಟನೆಯ ವರ್ಗ ಎಂಬುದು ನನಗೆ ಆ ಪತ್ರ ಓದಿದಮೇಲೆ ಗೊತ್ತಾಯಿತು. ಪೆಟ್ಟಿಗೆಗೆ ಹೊಸ ಹೆಸರಿನ ಚೀಟಿ ಅಂಟಿಸಿದೆ. ಕಾಯಿಗಳ ಮೇಲೆ ಕೊರೆದದ್ದನ್ನು ಏನು ಮಾಡಲಿ? ಅವು ಇಂದಿಗೂ ಅಟ್ಟದ ಮೇಲಿವೆ.

ಅಂದಹಾಗೆ, ಲೋಗೊ ಬರೆಸುವ ಮೊದಲು ಕಾಪಿರೈಟ್ ಮಾಡಿಸಿಬಿಟ್ಟರೆ ಹೆಸರಿಗೂ ರಕ್ಷಣೆ ಸಿಗುವುದಿಲ್ಲವೇ? ನನ್ನ ಮುಂದಿನ ಆಟಕ್ಕೆ ಹಾಗೆ ಮಾಡೋಣ ಎಂದಿದ್ದೇನೆ.

ಹುಡುಕುಗಣ್ಣು

ಇಲ್ಲ. ಕಾಪಿರೈಟ್ ಚಿತ್ರವನ್ನು ಕಾಯುತ್ತದೆ, ಒಂದೆರಡು ಪದದ ಹೆಸರನ್ನಲ್ಲ. ನಿಮ್ಮ ಮುಂದಿನ ಆಟದ ಹೆಸರನ್ನೂ ಹುಡುಕಿಯೇ ತೀರಬೇಕು.

ಈಗ ಹುಡುಕಾಟಕ್ಕೆ ಬರುತ್ತೇನೆ. ಮೊದಲು ಕಾಗದದ ಮೇಲೆ ಹೆಸರನ್ನು ಒಡೆಯಿರಿ, ಆಮೇಲೆ ಗಣಕಕ್ಕೆ ಕೈ ಹಾಕಿ. Tikora ಎಂಬುದನ್ನು ಫೋನಿನಲ್ಲಿ ಕೇಳಿದವರು ಹೇಗೆಲ್ಲ ಬರೆದುಕೊಳ್ಳಬಹುದು? ಮೊದಲ ಉಚ್ಚಾರ Ti, Ty ಅಥವಾ Tee. ನಡುವಿನ ಧ್ವನಿ k, c, ck, kk, q. ಕೊನೆಯಲ್ಲಿ ora, orah. ಇವನ್ನೆಲ್ಲ ಒಂದೊಂದಾಗಿ ಟೈಪಿಸಬೇಕಾಗಿಲ್ಲ. ಅಮೆರಿಕದ ಕಚೇರಿ 2023ರ ನವೆಂಬರಿನಲ್ಲಿ ತನ್ನ ಹಳೆಯ ಹುಡುಕು ವ್ಯವಸ್ಥೆಯನ್ನು ಮುಚ್ಚಿ ಹೊಸದನ್ನು ತಂದಿದೆ. ಅದರಲ್ಲಿ ಹೀಗೆ ಕೇಳಬಹುದು:

```
CM:/t(i|y|ee)[ckq]+or.*/ AND LD:true AND (IC:009 OR IC:042)
```

CM ಎಂದರೆ ಗುರುತಿನ ಪದ, LD:true ಎಂದರೆ ಇನ್ನೂ ಜೀವಂತ ಇರುವ ಅರ್ಜಿ ಮತ್ತು ನೋಂದಣಿಗಳು, IC ಎಂದರೆ ವರ್ಗ. ಮೊದಲ ಸುತ್ತಿಗೆ ಇದು ಸಾಕು. ಎರಡನೆಯ ಸುತ್ತಿನಲ್ಲಿ ವರ್ಗದ ಭಾಗವನ್ನು ಅಳಿಸಿ, ಮೂರನೆಯದರಲ್ಲಿ LD:true ಅನ್ನೂ ಅಳಿಸಿ. ಸತ್ತವರ ಪಟ್ಟಿಯನ್ನು ಏಕೆ ನೋಡಬೇಕು ಎಂದು ಆಮೇಲೆ ಹೇಳುತ್ತೇನೆ.

ನೀವು ಮಾರುವುದು ಒಂದೇ ದೇಶದಲ್ಲಿ ಅಲ್ಲವಲ್ಲ? ಟ್ರೇಡ್‌ಮಾರ್ಕ್ ಹಕ್ಕು ದೇಶದ ಗಡಿಯೊಳಗಿನದು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ Global Brand Database, ಐರೋಪ್ಯ ಕಚೇರಿ ನಡೆಸುವ TMview, ಇವೆರಡರಲ್ಲೂ ಅನೇಕ ದೇಶಗಳ ದಾಖಲೆಯನ್ನು ಒಟ್ಟಿಗೆ ಹುಡುಕಬಹುದು, ಹಣ ಕೊಡಬೇಕಾಗಿಲ್ಲ. ಮೊದಲನೆಯದರಲ್ಲಿ ಧ್ವನಿಯ ಹೋಲಿಕೆಯಿಂದಲೂ ಹುಡುಕುವ ಆಯ್ಕೆ ಇದೆ, ಅದನ್ನು ಒತ್ತಿ. ಆದರೆ ಇವು ಸಂಗ್ರಹಗಳು; ದೇಶದ ಮೂಲ ಕಚೇರಿಗೆ ಬಂದ ಅರ್ಜಿ ಇಲ್ಲಿಗೆ ತಲುಪಲು ಸ್ವಲ್ಪ ಸಮಯ ಹಿಡಿಯುತ್ತದೆ. ಆದ್ದರಿಂದ ನೀವು ಹೆಚ್ಚು ಮಾರುವ ಎರಡು ಮೂರು ದೇಶಗಳ ಮೂಲ ದಾಖಲೆಯನ್ನು ಪ್ರತ್ಯೇಕವಾಗಿ ನೋಡಿ.

ಹುಡುಕಿ ಸಿಕ್ಕದ್ದನ್ನು ಇಲ್ಲಿ ಬರೆಯಿರಿ. ನಿಜವಾದ ಹೆಸರನ್ನು ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಬಹಳಷ್ಟು ದೇಶಗಳಲ್ಲಿ ಮೊದಲು ಅರ್ಜಿ ಹಾಕಿದವರ ಕೈ ಮೇಲು.

ಗಂಟೆಲೆಕ್ಕ

ಎರಡು ಸಂಜೆ ಹಿಡಿಯಿತು. ನಮ್ಮ ನಿಜವಾದ ಹೆಸರಿಗೆ ಸಿಕ್ಕದ್ದನ್ನು Tikora ವೇಷದಲ್ಲಿಯೇ ಹೇಳುತ್ತೇನೆ. ಅರವತ್ತಕ್ಕೂ ಹೆಚ್ಚು ಸಾಲುಗಳು ಬಂದವು. ಹೆಚ್ಚಿನವು ಉದ್ದ ಹೆಸರುಗಳ ಚೂರು, ನೋಡಿದ ಕೂಡಲೇ ಬಿಡಬಹುದಾದವು. ಎದೆ ಧಸಕ್ಕೆಂದದ್ದು ಮೂರಕ್ಕೆ.

ಒಂದು, Ticora. ಒಂಬತ್ತನೆಯ ವರ್ಗ, ಜೀವಂತ. ಅದರ ವಿವರಣೆಯಲ್ಲಿ “ನೌಕರರ ಹಾಜರಿ ಮತ್ತು ಸಂಬಳದ ಲೆಕ್ಕಕ್ಕಾಗಿ ಇಳಿಸಿಕೊಳ್ಳಬಹುದಾದ ಸಾಫ್ಟ್‌ವೇರ್” ಎಂದಿದೆ.

ಎರಡು, Tikkora. ಹದಿನಾಲ್ಕನೆಯ ವರ್ಗ, ಕೈಗಡಿಯಾರ. ಜೀವಂತ.

ಮೂರು, Tykora. ನಲವತ್ತೆರಡು, ಯೋಜನೆಗಳನ್ನು ನಿಭಾಯಿಸುವ ತಂತ್ರಾಂಶ. ನವೀಕರಿಸದೆ ಎರಡು ವರ್ಷದ ಹಿಂದೆ ಸತ್ತಿದೆ.

ಜೊತೆಗಾರರಿಗೆ ತೋರಿಸಿದೆ. “ಸಿ ಬೇರೆ ಕೆ ಬೇರೆ, ಅವರದು ಕಂಪನಿಗಳಿಗೆ, ನಮ್ಮದು ಒಬ್ಬೊಬ್ಬರಿಗೆ” ಎಂದರು. ಬೇಕಿದ್ದರೆ Tikora Hours ಎಂದು ಉದ್ದ ಮಾಡೋಣ ಎಂಬುದು ಅವರ ಸಲಹೆ.

ಹುಡುಕುಗಣ್ಣು

ಮೊದಲನೆಯದಕ್ಕೆ ಎಡವಿ ನಿಮ್ಮ ಹೆಸರು ಬಿದ್ದಿದೆ ಎಂದೇ ನನ್ನ ಅಭಿಪ್ರಾಯ. ಬಾಯಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಅವರದು ದುಡಿದ ಗಂಟೆಯಿಂದ ಸಂಬಳ, ನಿಮ್ಮದು ದುಡಿದ ಗಂಟೆಯಿಂದ ಬಿಲ್. “ಅವರ ಗ್ರಾಹಕರು ಕಂಪನಿಗಳು” ಎಂಬ ವಾದಕ್ಕೆ ಒಂದು ತೊಡಕಿದೆ: ದಾಖಲೆಯ ವಿವರಣೆಯಲ್ಲಿ “ದೊಡ್ಡ ಕಂಪನಿಗಳಿಗೆ ಮಾತ್ರ” ಎಂದು ಬರೆದಿಲ್ಲದಿದ್ದರೆ ಪರೀಕ್ಷಕರು ಹಾಗೆ ಓದಿಕೊಳ್ಳುವುದಿಲ್ಲ. ಅವರು ಓದುವುದು ಬರೆದದ್ದನ್ನು, ಮಾರುಕಟ್ಟೆಯಲ್ಲಿ ನಡೆಯುವುದನ್ನಲ್ಲ.

Hours ಸೇರಿಸಿದರೂ ಪ್ರಯೋಜನವಿಲ್ಲ. ಸರಕನ್ನೇ ವರ್ಣಿಸುವ ಪದಕ್ಕೆ ಹೋಲಿಕೆಯ ತಕ್ಕಡಿಯಲ್ಲಿ ತೂಕ ತೀರ ಕಡಿಮೆ, ಉಳಿಯುವುದು Tikora. ಅದಕ್ಕಿಂತ ಕೆಡುಕೆಂದರೆ, Ticora ಮನೆಯವರೇ ಗಂಟೆ ಲೆಕ್ಕದ ಹೊಸ ಆವೃತ್ತಿಯನ್ನು ತಂದಿದ್ದಾರೆ ಎಂಬ ಭಾವನೆ ಬರುತ್ತದೆ. ಗೊಂದಲ ಹೆಚ್ಚಾಯಿತೇ ಹೊರತು ತಗ್ಗಲಿಲ್ಲ.

ಮೂರನೆಯದು, ಸತ್ತದ್ದು. ನೋಂದಣಿ ಸತ್ತರೆ ಹಕ್ಕು ಸಾಯಲೇಬೇಕೆಂದಿಲ್ಲ. ಅಮೆರಿಕದಂಥ ದೇಶಗಳಲ್ಲಿ ಬಳಕೆಯಿಂದಲೇ ಹಕ್ಕು ಹುಟ್ಟುತ್ತದೆ. ಯಾರೋ ನವೀಕರಣದ ಗಡುವು ಮರೆತಿರಬಹುದು, ಆದರೆ ವ್ಯಾಪಾರ ನಡೆಸುತ್ತಲೇ ಇರಬಹುದು. ಅವರ ಜಾಲತಾಣಕ್ಕೆ ಹೋಗಿ ಕೊನೆಯ ಸುದ್ದಿ ಯಾವ ದಿನಾಂಕದ್ದು, ಆ್ಯಪಿನ ಕೊನೆಯ ಪರಿಷ್ಕರಣೆ ಯಾವಾಗ, ಹಣ ಪಾವತಿಸುವ ಪುಟ ಕೆಲಸ ಮಾಡುತ್ತದೆಯೇ ಎಂದು ನೋಡಿ. ಅದಕ್ಕಾಗಿಯೇ ಸತ್ತವರ ಪಟ್ಟಿಯನ್ನೂ ತೆಗೆಯಿರಿ ಎಂದದ್ದು.

ಹಳೇಕೋಡು

ವರ್ಗದ ವಿಷಯ ಒಪ್ಪಿದೆ. ಆದರೆ ಬಳಕೆಯಲ್ಲಿಲ್ಲದ ಹೆಸರನ್ನು ರದ್ದು ಮಾಡಿಸಬಹುದಲ್ಲ? Ticora ಜೀವಂತ ಎಂದು ದಾಖಲೆಯಲ್ಲಿ ಇರಬಹುದು, ನಿಜವಾಗಿ ಅವರು ಅಂಗಡಿ ಮುಚ್ಚಿರಬಹುದು.

ಹುಡುಕುಗಣ್ಣು

ಮಾಡಿಸಬಹುದು. ಅಮೆರಿಕದಲ್ಲಿ ಸತತ ಮೂರು ವರ್ಷ ಬಳಸದಿದ್ದರೆ ಕೈಬಿಟ್ಟಂತೆ ಎಂದು ಮೇಲ್ನೋಟಕ್ಕೆ ಎಣಿಸುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಐದು ವರ್ಷ. ಆದರೆ ಬಿಡುಗಡೆಗೆ ಆರು ವಾರ ಇರುವವರಿಗೆ ಅದು ದಾರಿಯಲ್ಲ, ರದ್ದತಿಯ ಪ್ರಕರಣ ತಿಂಗಳುಗಟ್ಟಲೆ ನಡೆಯುತ್ತದೆ. ಅರ್ಜಿ ಹಾಕಿದ ದಿನವೇ ನಿಮ್ಮ ವಿಳಾಸ ಅವರಿಗೆ ತಿಳಿಯುತ್ತದೆ ಎಂಬುದನ್ನೂ ನೆನಪಿಡಿ.

ಮರುನಾಮ

ನಾನು ಮುಕ್ತ ತಂತ್ರಾಂಶದವನು. ದಾಖಲೆಯಲ್ಲಿ ಇರುವುದನ್ನಷ್ಟೇ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರೂ ಬಳಸಿರುವ ಒಂದು ಬ್ರೌಸರಿನ ಕಥೆಯೇ ಸಾಕು. ಫೈರ್‌ಫಾಕ್ಸ್ 2002ರಲ್ಲಿ ಹುಟ್ಟಿದಾಗ ಅದರ ಹೆಸರು ಫೀನಿಕ್ಸ್. ಫೀನಿಕ್ಸ್ ಟೆಕ್ನಾಲಜೀಸ್ ಎಂಬ ಕಂಪನಿಯಿಂದ ಆಕ್ಷೇಪ ಬಂದದ್ದರಿಂದ 2003ರಲ್ಲಿ ಫೈರ್‌ಬರ್ಡ್ ಎಂದು ಬದಲಿಸಿದರು. ಆಗ ಗದ್ದಲ ಎದ್ದದ್ದು ಇನ್ನೊಂದು ಕಡೆಯಿಂದ: ಫೈರ್‌ಬರ್ಡ್ ಎಂಬ ಮುಕ್ತ ಡೇಟಾಬೇಸ್ ಆಗಲೇ ಇತ್ತು, ಅದರ ಬಳಗದವರು ಸುಮ್ಮನಿರಲಿಲ್ಲ. 2004ರ ಫೆಬ್ರುವರಿಯಲ್ಲಿ ಮೂರನೆಯ ಹೆಸರು ಬಂತು. ಎರಡನೆಯ ಸಲ ಎಡವಿದ್ದು ತಮ್ಮದೇ ಪಕ್ಕದ ಮನೆಯವರ ಮೇಲೆ ಎಂಬುದೇ ನನಗೆ ಸೋಜಿಗ. ಆದ್ದರಿಂದ ಕೋಡ್ ಭಂಡಾರಗಳಲ್ಲಿ, npm, PyPI ಯಂಥ ಪ್ಯಾಕೇಜ್ ಸಂಗ್ರಹಗಳಲ್ಲಿಯೂ ಹೆಸರನ್ನು ನೋಡಿ. ಅಲ್ಲಿರುವವರು ಟ್ರೇಡ್‌ಮಾರ್ಕ್ ಕಚೇರಿಯ ಮೆಟ್ಟಿಲು ಹತ್ತಿರುವುದಿಲ್ಲ, ಆದರೆ ಹೆಸರು ಅವರದ್ದೇ ಆಗಿರುತ್ತದೆ.

ಗಂಟೆಲೆಕ್ಕ

Ticora ನೋಡಿದೆ. ಕಳೆದ ತಿಂಗಳು ಹೊಸ ಆವೃತ್ತಿ ಬಿಟ್ಟಿದ್ದಾರೆ, ತುಂಬ ಜೀವಂತ. ಸತ್ತ Tykora ಜಾಲತಾಣ ತೆರೆಯುವುದೇ ಇಲ್ಲ.

ಜೊತೆಗಾರರು ಈಗ ಸಿಟ್ಟಿನಲ್ಲಿ ಹೊಸ ಹೆಸರು ಹೇಳುತ್ತಿದ್ದಾರೆ: HourBill. “ಇದನ್ನು ಯಾರೂ ಬೇಡ ಎನ್ನಲಾರರು” ಎಂದು. ಒಂದು ಪ್ರಶ್ನೆ ಉಳಿಯಿತು. Ticora ಇರಲೇ ಇಲ್ಲ ಎಂದುಕೊಳ್ಳಿ. ಕೈಗಡಿಯಾರದ Tikkora ಒಂದೇ ಇದ್ದಿದ್ದರೆ ನಾವು ಮುಂದುವರಿಯಬಹುದಿತ್ತೇ?

ಹುಡುಕುಗಣ್ಣು

HourBill ಬಗ್ಗೆ ಮೊದಲು. ಯಾರೂ ಬೇಡ ಎನ್ನಲಾರರು, ನಿಜ. ನೀವೂ ನಾಳೆ ಇನ್ನೊಬ್ಬರಿಗೆ ಬೇಡ ಎನ್ನಲಾರಿರಿ. ಸರಕನ್ನು ವರ್ಣಿಸುವ ಹೆಸರಿಗೆ ನೋಂದಣಿ ಸಿಗುವುದೇ ಕಷ್ಟ, ಸಿಕ್ಕರೂ ಅದರ ಕೋಟೆ ಮಣ್ಣಿನದು. ನಿಮ್ಮ ಪಕ್ಕದಲ್ಲೇ HoursBill, BillHour ಎದ್ದರೆ ನೋಡುತ್ತ ಕೂರಬೇಕು. ಅರ್ಥವಿಲ್ಲದೆ ಕಟ್ಟಿದ ಪದ, ಇಲ್ಲವೇ ಸರಕಿಗೆ ಸಂಬಂಧವೇ ಇಲ್ಲದ ಪದ, ಇವೇ ಗಟ್ಟಿ. ಕಟ್ಟುವಾಗ ಎರಡು ಮೂರು ಹೆಸರನ್ನು ಒಟ್ಟಿಗೆ ಕಟ್ಟಿ, ಒಂದಕ್ಕೇ ಮನಸ್ಸು ಕೊಡಬೇಡಿ. ಮನಸ್ಸು ಕೊಟ್ಟವರು ಹುಡುಕಾಟದ ಫಲಿತಾಂಶವನ್ನು ತಮಗೆ ಬೇಕಾದಂತೆ ಓದುತ್ತಾರೆ, ಇದನ್ನು ನೂರು ಸಲ ನೋಡಿದ್ದೇನೆ.

ಕೈಗಡಿಯಾರದ ವಿಷಯದಲ್ಲಿ ನನಗೆ ಖಚಿತ ಉತ್ತರವಿಲ್ಲ. ಬರಿಯ ಮುಳ್ಳಿನ ಗಡಿಯಾರಕ್ಕೂ ಬಿಲ್ ತೆಗೆಯುವ ಆ್ಯಪಿಗೂ ನಂಟು ಕಡಿಮೆ. ಆದರೆ ಸ್ಮಾರ್ಟ್‌ವಾಚ್ ಬರುವುದು ಒಂಬತ್ತನೆಯ ವರ್ಗದಲ್ಲಿ, ಅದರ ಮೇಲೆ ಓಡುವ ಆ್ಯಪಿನಲ್ಲಿ ಸಮಯವೇ ಸರಕು. ಅವರು ಆ ಕಡೆ ಹೊರಳಿದರೆ?

ಮರುನಾಮ

ನಾನಾಗಿದ್ದರೆ ಮುಂದುವರಿಯುತ್ತಿದ್ದೆ. “ಅವರು ಮುಂದೆ ಏನು ಮಾಡಬಹುದು” ಎಂದು ಎಣಿಸುತ್ತ ಹೋದರೆ ಜಗತ್ತಿನಲ್ಲಿ ಒಂದು ಹೆಸರೂ ಉಳಿಯುವುದಿಲ್ಲ. ಅವರಿಗೆ ಬರೆದು, ನೀವು ಗಡಿಯಾರಕ್ಕೆ, ನಾವು ಆ್ಯಪಿಗೆ ಎಂದು ಒಪ್ಪಂದ ಮಾಡಿಕೊಳ್ಳಬಹುದು.

ಹುಡುಕುಗಣ್ಣು

ಅಂಥ ಒಪ್ಪಂದ ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಬೀಟಲ್ಸ್ ತಂಡದ ಆ್ಯಪಲ್ ಕೋರ್ ಮತ್ತು ಆ್ಯಪಲ್ ಕಂಪ್ಯೂಟರ್ ಸಾಕ್ಷಿ. 1978ರಲ್ಲಿ ದಾವೆ, 1981ರಲ್ಲಿ ರಾಜಿ: ಕಂಪ್ಯೂಟರಿನವರು ಸಂಗೀತಕ್ಕೆ ಕೈ ಹಾಕಬಾರದು. ಕಂಪ್ಯೂಟರ್ ಹಾಡಲು ಕಲಿತದ್ದೇ ತಡ, ಮತ್ತೆ ಜಗಳ, 1991ರಲ್ಲಿ ಮತ್ತೆ ರಾಜಿ. ಐಟ್ಯೂನ್ಸ್ ಬಂದಮೇಲೆ 2003ರಲ್ಲಿ ಮೂರನೆಯ ಸುತ್ತು. 2007ರಲ್ಲಿ ಎಲ್ಲ ಗುರುತುಗಳೂ ಕಂಪ್ಯೂಟರಿನವರ ಕೈಗೆ ಬಂದು, ಕೆಲವನ್ನು ಅವರು ಹಾಡಿನವರಿಗೆ ಪರವಾನಗಿಯಾಗಿ ಕೊಟ್ಟಮೇಲೆ ತಣ್ಣಗಾಯಿತು. ಸುಮಾರು ಮೂವತ್ತು ವರ್ಷ. ಇಬ್ಬರಿಗೂ ವಕೀಲರನ್ನು ಸಾಕುವ ಶಕ್ತಿಯಿತ್ತು, ನಡೆಯಿತು.

ಮರುನಾಮ

ಮೂವತ್ತು ವರ್ಷವೂ ಇಬ್ಬರೂ ಅದೇ ಹೆಸರಿನಲ್ಲಿ ವ್ಯಾಪಾರ ಮಾಡಿದರಲ್ಲ, ಮೇಡಂ! ಅದನ್ನು ನಾನು ಸೋಲು ಎನ್ನಲಾರೆ.

ಪೆಟ್ಟಿಗೆಯಾಟ

ಸಿಕ್ಕಿದ ಜಾಗದಲ್ಲಿ ಕೇಳಿಬಿಡುತ್ತೇನೆ. ನನ್ನ ಹೊಸ ಆಟದ ಹೆಸರಿಗೆ ಎಲ್ಲ ಸುತ್ತೂ ಮುಗಿಸಿ, ಎಲ್ಲಿಯೂ ಏನೂ ಸಿಗದಿದ್ದರೆ ಅಂದೇ ಅಚ್ಚಿಗೆ ಕೊಡಬಹುದೇ?

ಹುಡುಕುಗಣ್ಣು

ಅಂದು ಅರ್ಜಿ ಹಾಕಿ, ಅಚ್ಚನ್ನು ಸ್ವಲ್ಪ ತಡೆಯಿರಿ. ಟ್ರೇಡ್‌ಮಾರ್ಕಿಗೂ ಅನ್ವಯಿಸುವ ಪ್ಯಾರಿಸ್ ಒಪ್ಪಂದದ ಪ್ರಕಾರ ಒಂದು ದೇಶದಲ್ಲಿ ಅರ್ಜಿ ಹಾಕಿದವರು ಆರು ತಿಂಗಳೊಳಗೆ ಇನ್ನೊಂದು ದೇಶಕ್ಕೆ ಬಂದು ಮೊದಲಿನ ತಾರೀಖನ್ನೇ ಕೇಳಬಹುದು. ಅಂದರೆ ನೀವು ಇಂದು ಹುಡುಕಿದಾಗ ಕಾಣದ ಒಬ್ಬರು ಮೂರು ತಿಂಗಳ ಮೇಲೆ ಬಂದು ನಿಮಗಿಂತ ಹಿಂದಿನ ತಾರೀಖಿನಲ್ಲಿ ಕುಳಿತುಕೊಳ್ಳಬಹುದು. ಯಾವ ಹುಡುಕಾಟವೂ ಅದನ್ನು ತೋರಿಸಲಾರದು. ಆರು ತಿಂಗಳು ಕಾಯಲು ಆಗದಿದ್ದರೆ ಮೊದಲ ಸಲ ಕಡಿಮೆ ಪೆಟ್ಟಿಗೆ ಅಚ್ಚು ಹಾಕಿಸಿ. ಕಾಯಿಗಳ ಮೇಲೆ ಮಾತ್ರ ಹೆಸರು ಕೊರೆಸಬೇಡಿ.

ಗಂಟೆಲೆಕ್ಕ

ಜೊತೆಗಾರರು ಕೊನೆಗೂ ಒಪ್ಪಿದರು. ಮೂರು ಹೊಸ ಪದ ಕಟ್ಟಿದ್ದೇವೆ. ಒಂದು ನಿನ್ನೆ ರಾತ್ರಿಯೇ ಬಿತ್ತು. ಪೋರ್ಚುಗೀಸಿನಲ್ಲಿ ಅದಕ್ಕೆ ಬೇರೆಯೇ ಅರ್ಥ ಇದೆಯಂತೆ, ಇಲ್ಲಿ ಬರೆಯುವಂಥದ್ದಲ್ಲ. ಇನ್ನೆರಡರಲ್ಲಿ ಒಂದಕ್ಕೆ ಒಂಬತ್ತು, ನಲವತ್ತೆರಡು ಎರಡರಲ್ಲೂ ಏನೂ ಸಿಕ್ಕಿಲ್ಲ. ಕಪಾಟಿನ ಉಳಿದ ಅರೆಗಳನ್ನು ಇಂದು ಸಂಜೆ ತೆಗೆಯುತ್ತೇವೆ. ಸೋಮವಾರ ವಕೀಲರನ್ನು ಕಾಣುವುದಿದೆ, ಕೈಗಡಿಯಾರದ ಪ್ರಶ್ನೆಯನ್ನೂ ಅವರ ಮುಂದೆ ಇಡುತ್ತೇನೆ. ಅವರೇನು ಹೇಳುತ್ತಾರೋ ಬಂದು ಬರೆಯುತ್ತೇನೆ. ಹೆಸರನ್ನು ಮಾತ್ರ ಅರ್ಜಿಯ ಸಂಖ್ಯೆ ಕೈಗೆ ಬರುವವರೆಗೆ ವೇಷ ಹಾಕಿಯೂ ಹೇಳುವುದಿಲ್ಲ.